ಇಲ್ಲದ ಅರ್ಧ ಗಂಟೆಯ ಅಲೆ: ವೇಗವಾಗಿ ಬದಲಾಗುವ ಒತ್ತಡವನ್ನು ಡೇಟಾ ಲಾಗರ್‌ನಲ್ಲಿ ದಾಖಲಿಸುವ ಕ್ರಮ

ಪಂಪ್ ಕೋಣೆಯಲ್ಲಿ, ಬಾಯ್ಲರ್ ಬದಿಯಲ್ಲಿ, ಶೀತಲ ಕೋಣೆಯಲ್ಲಿ, ಅಳತೆಯನ್ನು ನಿಗದಿತ ಅಂತರದಲ್ಲಿ ತಾನಾಗಿ ಬರೆದಿಡುವ ಲಾಗರ್ ಇಟ್ಟವರು ನನಗೆ ಕಳುಹಿಸುವ ಗ್ರಾಫ್‌ಗಳಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಒಂದು, ವಾಸ್ತವದಲ್ಲಿ ಇಲ್ಲದ ನಿಧಾನಗತಿಯ ಏರಿಳಿತ. ಇನ್ನೊಂದು, ಎರಡು ಲಾಗರ್‌ಗಳ ನಡುವೆ ಇಪ್ಪತ್ತು ಮೂವತ್ತು ಸೆಕೆಂಡುಗಳ ವ್ಯತ್ಯಾಸ, ಮತ್ತು ಅದನ್ನು ನಂಬಿ ತೆಗೆದುಕೊಂಡ ತೀರ್ಮಾನ. ಮೊದಲನೆಯದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಎರಡನೆಯದು ಲಾಗರ್ ಗಡಿಯಾರದ ಜಾರಿಕೆ. ನಾನೇ ಈ ಎರಡರಲ್ಲೂ ಒಂದೇ ಕಟ್ಟಡದಲ್ಲಿ ಎಡವಿದ್ದೇನೆ. ಆ ಕೆಲಸವನ್ನೇ ಉದಾಹರಣೆಯಾಗಿಟ್ಟುಕೊಂಡು, ಯಾವುದನ್ನು ಯಾವಾಗ ಮಾಡಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರಿನ ಬಿಜೈ ಕಡೆಯ ಆರು ಮಹಡಿಯ ವಸತಿ ಸಮುಚ್ಚಯ ಅದು. ನೆಲಮಹಡಿಯ ಸಂಪ್‌ನಿಂದ ನೀರನ್ನು ಪ್ರೆಶರ್ ಪಂಪ್ ನೇರವಾಗಿ ಮನೆಗಳಿಗೆ ತಳ್ಳುತ್ತದೆ. ಒತ್ತಡ 2 ಬಾರ್‌ಗೆ ಇಳಿದರೆ ಪಂಪ್ ಚಾಲೂ ಆಗುತ್ತದೆ, 3.5 ಬಾರ್‌ಗೆ ಏರಿದರೆ ನಿಲ್ಲುತ್ತದೆ. ಪಕ್ಕದಲ್ಲಿ 60 ಲೀಟರ್‌ನ ಪ್ರೆಶರ್ ಟ್ಯಾಂಕ್. ಕರೆಂಟ್ ಬಿಲ್ ಏರಿದೆ, ಮೇಲಿನ ಮಹಡಿಯಲ್ಲಿ ಬೆಳಿಗ್ಗೆ ನೀರಿನ ರಭಸ ಸಾಲದು ಎಂಬುದು ನಿವಾಸಿಗಳ ದೂರು. ನಾನು ಪಂಪ್‌ನ ಹೊರಹರಿವಿನ ಪೈಪಿಗೆ ಒತ್ತಡದ ಲಾಗರ್ ಜೋಡಿಸಿ, ನಿಮಿಷಕ್ಕೊಂದು ದಾಖಲೆ ಎಂದು ಇಟ್ಟು ಬಂದೆ.

ಮರುದಿನ ಸಿಕ್ಕಿದ ಗ್ರಾಫ್ ನೋಡಲು ಬಹಳ ಚೆನ್ನಾಗಿತ್ತು. ರಾತ್ರಿ ಒಂದರಿಂದ ನಾಲ್ಕರವರೆಗೆ ಒತ್ತಡ 26 ನಿಮಿಷ ನಿಧಾನವಾಗಿ ಏರಿ, 5 ನಿಮಿಷದಲ್ಲಿ ಇಳಿಯುತ್ತಿತ್ತು. ಮತ್ತೆ 26 ನಿಮಿಷ ಏರಿಕೆ. ಯಾವುದೋ ಮನೆಯಲ್ಲಿ ಅರ್ಧ ಗಂಟೆಗೊಮ್ಮೆ ತಾನಾಗಿ ತೆರೆಯುವ ವಾಲ್ವ್ ಇದೆ ಎಂದುಕೊಂಡು ಎರಡು ದಿನ ಹುಡುಕಿದೆವು. ಅಂಥ ವಾಲ್ವ್ ಇರಲಿಲ್ಲ. ರಾತ್ರಿ ಕಾವಲಿನವರು ಗ್ರಾಫ್ ನೋಡಿ ಕೇಳಿದರು: "ಸರ್, ರಾತ್ರಿಯಿಡೀ ನಿಮಿಷಕ್ಕೊಮ್ಮೆ ಪಂಪ್ ಶಬ್ದ ಕೇಳುತ್ತದಲ್ಲ, ಅದು ಇದರಲ್ಲಿ ಎಲ್ಲಿದೆ?"

ಅದು ಎಲ್ಲಿಯೂ ಇರಲಿಲ್ಲ.

## ಬೇಕಾಗುವ ಸಲಕರಣೆ

ಲಾಗರ್ ಬಿಟ್ಟರೆ ಬೇಕಾದವು ಸಾಮಾನ್ಯ ವಸ್ತುಗಳೇ. ಮುಳ್ಳಿನ ಪ್ರೆಶರ್ ಗೇಜ್, ಮೊಬೈಲ್, ಸೆನ್ಸರ್‌ನ ಬುಡದಲ್ಲಿ ಒಂದು ಐಸೊಲೇಷನ್ ವಾಲ್ವ್, ಮತ್ತು ಅದರ ಆಚೆ ನೀರು ಬಿಡಲು ಸಣ್ಣ ಕೊಳಾಯಿ. ಈ ವಾಲ್ವ್ ಮತ್ತು ಕೊಳಾಯಿಯನ್ನು ಹಲವರು ಉಳಿತಾಯಕ್ಕೆಂದು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಗಡಿಯಾರ ಸರಿಪಡಿಸುವ ಹಂತಕ್ಕೆ ಅವೇ ಆಧಾರ. ಒಂದು ನೋಟ್‌ಬುಕ್ ಇರಲಿ. ಮೊಬೈಲ್‌ನಲ್ಲಿ ಸಮಯವನ್ನು ನೆಟ್‌ವರ್ಕ್‌ನಿಂದ ತಾನಾಗಿ ಪಡೆಯುವ ಆಯ್ಕೆ ಚಾಲೂ ಇದೆಯೇ ನೋಡಿಕೊಳ್ಳಿ.

## ಹಂತ 1: ಲಾಗರ್ ತೆರೆಯುವ ಮೊದಲು ಗೇಜ್ ನೋಡಿ

ಅಂತರ ಎಷ್ಟಿಡಬೇಕು ಎಂಬ ಪ್ರಶ್ನೆಗೆ ಉತ್ತರ ಲಾಗರ್‌ನ ಕೈಪಿಡಿಯಲ್ಲಿ ಸಿಗುವುದಿಲ್ಲ, ಒತ್ತಡ ಎಷ್ಟು ಬೇಗ ಬದಲಾಗುತ್ತದೆ ಎಂಬುದರಲ್ಲಿ ಸಿಗುತ್ತದೆ. ಅದನ್ನು ಕಣ್ಣಿನಿಂದಲೇ ಅಂದಾಜು ಮಾಡಬಹುದು. ಸಮಸ್ಯೆ ಇರುವ ಹೊತ್ತಿನಲ್ಲೇ ಹೋಗಿ, ಗೇಜ್‌ನ ಮುಂದೆ ಮೊಬೈಲ್ ನಿಲ್ಲಿಸಿ, ಹತ್ತು ನಿಮಿಷ ವಿಡಿಯೊ ತೆಗೆಯಿರಿ.

ಕಾವಲಿನವರ ಮಾತು ಕೇಳಿದ ರಾತ್ರಿ ನಾನು ಮಾಡಿದ್ದು ಇದನ್ನೇ. ಎರಡು ಗಂಟೆಯ ಹೊತ್ತು, ಟಾರ್ಚ್ ಬೆಳಕಿನಲ್ಲಿ ಮುಳ್ಳು 3.5ರಿಂದ ನಿಧಾನವಾಗಿ ಜಾರುತ್ತಿತ್ತು. 2ನ್ನು ಮುಟ್ಟಿದೊಡನೆ ಕಾಂಟ್ಯಾಕ್ಟರ್ ಟಕ್ಕೆಂದಿತು, ಪಂಪ್ ಗುಡುಗಿತು, ಹತ್ತು ಸೆಕೆಂಡಿನಲ್ಲಿ ಮುಳ್ಳು ಮತ್ತೆ ಮೇಲಿತ್ತು. ವಿಡಿಯೊದಲ್ಲಿ ಲೆಕ್ಕ ಹಾಕಿದಾಗ ಇಳಿಯಲು 52 ಸೆಕೆಂಡು, ಏರಲು 10 ಸೆಕೆಂಡು, ಒಟ್ಟು ಆವರ್ತ 62 ಸೆಕೆಂಡು. ರಾತ್ರಿ ಯಾರೂ ನೀರು ಬಳಸದ ಕಾರಣ ಪ್ರತಿ ಸುತ್ತೂ ಹೆಚ್ಚುಕಡಿಮೆ ಅಷ್ಟೇ.

ನಾನು ನಿಮಿಷಕ್ಕೊಮ್ಮೆ ದಾಖಲಿಸುತ್ತಿದ್ದೆ. ಅಂದರೆ ಪ್ರತಿ ಸಲ ಲಾಗರ್ ಕಣ್ಣು ತೆರೆಯುವಾಗ ಸುತ್ತು ಮುಗಿಯಲು ಇನ್ನೂ 2 ಸೆಕೆಂಡು ಬಾಕಿ ಇರುತ್ತಿತ್ತು. ಹಿಂದಿನ ಸಲ ಕಂಡ ಜಾಗಕ್ಕಿಂತ 2 ಸೆಕೆಂಡು ಹಿಂದಿನ ಜಾಗ ಕಾಣುತ್ತಿತ್ತು. ಹೀಗೆ ಎರಡೆರಡು ಸೆಕೆಂಡು ಹಿಂದೆ ಸರಿಯುತ್ತ 62 ಸೆಕೆಂಡಿನ ಸುತ್ತನ್ನು ಪೂರ್ತಿ ದಾಟಲು 31 ದಾಖಲೆ, ಅಂದರೆ 31 ನಿಮಿಷ ಬೇಕಾಯಿತು. 52 ಸೆಕೆಂಡಿನ ಇಳಿಕೆ 26 ನಿಮಿಷವಾಯಿತು, 10 ಸೆಕೆಂಡಿನ ಏರಿಕೆ 5 ನಿಮಿಷವಾಯಿತು. ಜೊತೆಗೆ ಹಿಂದಕ್ಕೆ ಸರಿದಿದ್ದರಿಂದ ಇಳಿಕೆ ಏರಿಕೆಯಾಗಿ, ಏರಿಕೆ ಇಳಿಕೆಯಾಗಿ ಚಿತ್ರವೇ ತಿರುಗಿಬಿಟ್ಟಿತ್ತು.

ಗ್ರಾಫ್ ತಿರುಗಿಕೊಳ್ಳುವ ಈ ಲಕ್ಷಣವನ್ನು ನೆನಪಿಟ್ಟುಕೊಳ್ಳಿ. ಸೋರುವ ಪೈಪಿನಲ್ಲಿ ಒತ್ತಡ ನಿಧಾನವಾಗಿ ಇಳಿದು ಬೇಗ ಏರಬೇಕು. ಶೀತಲ ಕೋಣೆಯಲ್ಲಿ ಬಾಗಿಲು ತೆರೆದಾಗ ತಾಪಮಾನ ಬೇಗ ಏರಿ ನಿಧಾನವಾಗಿ ಇಳಿಯಬೇಕು. ನಿಮ್ಮ ಗ್ರಾಫ್ ಇದಕ್ಕೆ ಉಲ್ಟಾ ಇದ್ದರೆ ಯಂತ್ರವನ್ನು ದೂರುವ ಮೊದಲು ದಾಖಲಿಸುವ ಅಂತರವನ್ನು ಶಂಕಿಸಿ. ಆದರೆ ಉಲ್ಟಾ ಇಲ್ಲ ಎಂದ ಮಾತ್ರಕ್ಕೆ ಗ್ರಾಫ್ ಸರಿ ಎಂದೂ ಅಲ್ಲ. ಸುತ್ತು 58 ಸೆಕೆಂಡಿನದಾಗಿದ್ದರೆ ಪ್ರತಿ ದಾಖಲೆ 2 ಸೆಕೆಂಡು ಮುಂದೆ ಸರಿಯುತ್ತಿತ್ತು. ಆಗ ಆಕಾರ ನೇರವಾಗಿಯೇ ಇರುತ್ತಿತ್ತು, ಆವರ್ತ ಮಾತ್ರ 29 ನಿಮಿಷ ಎಂದು ಸುಳ್ಳು ಹೇಳುತ್ತಿತ್ತು.

## ಹಂತ 2: ಅತಿ ವೇಗದ ಭಾಗಕ್ಕೆ ತಕ್ಕಂತೆ ಅಂತರ ಇಡಿ

ಪುಸ್ತಕದ ನಿಯಮದ ಪ್ರಕಾರ ಒಂದು ಸುತ್ತಿಗೆ ಎರಡಕ್ಕಿಂತ ಹೆಚ್ಚು ದಾಖಲೆ ಬೇಕು. ಇದು ಕನಿಷ್ಠ ಮಿತಿ, ಅದೂ ನಯವಾದ ಅಲೆಗೆ. ಗರಗಸದ ಹಲ್ಲಿನಂಥ ಆಕಾರವಿದ್ದರೆ ಎರಡು ಬಿಂದುಗಳಿಂದ ಏನೂ ತಿಳಿಯದು. ನಾನು ಅನುಸರಿಸುವ ಲೆಕ್ಕ ಬೇರೆ: ಇಡೀ ಸುತ್ತನ್ನು ನೋಡದೆ, ಅದರ ಅತಿ ವೇಗದ ತುಣುಕನ್ನು ನೋಡಿ, ಆ ತುಣುಕಿನಲ್ಲಿ ಹತ್ತು ಬಿಂದುಗಳು ಬೀಳುವಂತೆ ಅಂತರ ಇಡುತ್ತೇನೆ. ಇಲ್ಲಿ ಅತಿ ವೇಗದ ತುಣುಕು 10 ಸೆಕೆಂಡಿನ ಏರಿಕೆ. ಆದ್ದರಿಂದ ಅಂತರ 1 ಸೆಕೆಂಡು.

ಆಗ ಮೆಮೊರಿ ಅಡ್ಡ ಬರುತ್ತದೆ. ನನ್ನ ಸಣ್ಣ ಲಾಗರ್‌ನಲ್ಲಿ 32,000 ದಾಖಲೆಗಳಿಗೆ ಜಾಗ. ನಿಮಿಷಕ್ಕೊಂದರಂತೆ ಅದು 22 ದಿನ ಬರುತ್ತದೆ. ಸೆಕೆಂಡಿಗೊಂದರಂತೆ ಒಂಬತ್ತು ಗಂಟೆಯೂ ಬರುವುದಿಲ್ಲ. ಬಹುತೇಕರು ನಿಮಿಷದ ಅಂತರಕ್ಕೆ ಹೋಗುವುದು ಇದೇ ಕಾರಣಕ್ಕೆ. ಇದಕ್ಕೆ ಪರಿಹಾರವೆಂದರೆ ಕೆಲಸವನ್ನು ಎರಡಾಗಿ ಒಡೆಯುವುದು. ಮೊದಲು ಒಂದೇ ಒಂದು ರಾತ್ರಿ ಸೆಕೆಂಡಿಗೊಂದರಂತೆ ದಾಖಲಿಸಿ. ಒತ್ತಡದ ನಡತೆ ತಿಳಿದ ಮೇಲೆ ಬೇಕಿದ್ದರೆ ದೀರ್ಘ ಅವಧಿಯ ದಾಖಲೆಗೆ ಹೋಗಿ.

ಇಲ್ಲಿ ಒಂದು ಸಣ್ಣ ಎಚ್ಚರಿಕೆ. ಮೆಮೊರಿ ತುಂಬಿದಾಗ ಲಾಗರ್ ನಿಲ್ಲುತ್ತದೆಯೋ ಅಥವಾ ಹಳೆಯದರ ಮೇಲೆ ಬರೆಯುತ್ತದೆಯೋ ನೋಡಿಕೊಳ್ಳಿ. ಸಂಜೆ ಆರಕ್ಕೆ ಚಾಲೂ ಮಾಡಿದರೆ ಬೆಳಗಿನ ಜಾವ ಮೂರಕ್ಕೇ ಮೆಮೊರಿ ತುಂಬಿರುತ್ತದೆ. ನಿಮಗೆ ಬೇಕಾದ ಹೊತ್ತು ಬೆಳಿಗ್ಗೆ ಆರಾಗಿದ್ದರೆ, ತಡವಾಗಿ ಚಾಲೂ ಆಗುವಂತೆ ಸಮಯ ಕೊಟ್ಟು ಬನ್ನಿ.

ಒಂದು ಸೆಕೆಂಡಿನ ಅಂತರಕ್ಕೂ ಮಿತಿಯಿದೆ. ನಾನ್ ರಿಟರ್ನ್ ವಾಲ್ವ್ ಬಡಿದಾಗ ಪೈಪಿನಲ್ಲಿ ಉಂಟಾಗುವ ಹೊಡೆತ ಸೆಕೆಂಡಿಗೆ ಕೆಲವು ನೂರು ಮೀಟರ್ ವೇಗದಲ್ಲಿ ಓಡುತ್ತದೆ. ಇಪ್ಪತ್ತು ಮೀಟರ್ ಪೈಪಿನಲ್ಲಿ ಅದರ ಒಂದು ಸುತ್ತು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಪೈಪಿನ ಜೋಡಣೆಗಳು ಯಾಕೆ ಬಿರಿಯುತ್ತಿವೆ ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಸೆಕೆಂಡಿಗೆ ನೂರು ದಾಖಲೆ ಬರೆಯುವ ಉಪಕರಣವೇ ಬೇಕು. ನಮ್ಮ ಪ್ರಶ್ನೆ ಅದಾಗಿರಲಿಲ್ಲ.

## ಹಂತ 3: ಸರಾಸರಿ, ಕನಿಷ್ಠ, ಗರಿಷ್ಠ

ಹಲವು ಲಾಗರ್‌ಗಳಲ್ಲಿ ದಾಖಲಿಸುವ ಅಂತರ ಬೇರೆ, ಅಳೆಯುವ ಅಂತರ ಬೇರೆ ಇಡಬಹುದು. ಸೆಕೆಂಡಿಗೊಮ್ಮೆ ಅಳೆದು, ನಿಮಿಷದ ಸರಾಸರಿಯನ್ನು ಮಾತ್ರ ಬರೆದುಕೊಳ್ಳುವ ವ್ಯವಸ್ಥೆ ಅದು. ಹೀಗೆ ಮಾಡಿದರೆ ನಮ್ಮ 62 ಸೆಕೆಂಡಿನ ಅಲೆ ಬಹುತೇಕ ಮಟ್ಟಸವಾಗಿ ಅಳಿಸಿಹೋಗುತ್ತದೆ. ಸುಳ್ಳು ಅಲೆಯ ಎತ್ತರ ನಿಜವಾದ ಅಲೆಯ ನೂರನೇ ಮೂರು ಪಾಲಿನಷ್ಟು ಮಾತ್ರ ಉಳಿಯುತ್ತದೆ. ಸುಳ್ಳು ಹೋಯಿತು ನಿಜ, ಆದರೆ ಪಂಪ್ ನಿಮಿಷಕ್ಕೊಮ್ಮೆ ಓಡುತ್ತಿದೆ ಎಂಬ ಸತ್ಯವೂ ಹೋಯಿತು. ಆದ್ದರಿಂದ ನಾನು ಸರಾಸರಿಯ ಜೊತೆಗೆ ಆ ನಿಮಿಷದ ಕನಿಷ್ಠ ಮತ್ತು ಗರಿಷ್ಠವನ್ನೂ ಬರೆಸುತ್ತೇನೆ. ಸರಾಸರಿ 2.7 ಬಾರ್ ಎಂದು ಸಮತಟ್ಟಾಗಿದ್ದು, ಕನಿಷ್ಠ 2, ಗರಿಷ್ಠ 3.5 ಎಂದು ರಾತ್ರಿಯಿಡೀ ಬಂದರೆ ಒಳಗೆ ಏನೋ ವೇಗವಾಗಿ ಕುಣಿಯುತ್ತಿದೆ ಎಂದು ಗೊತ್ತಾಗುತ್ತದೆ.

ಸಾಮಾನ್ಯ ತಪ್ಪೆಂದರೆ ನಿಮಿಷಕ್ಕೊಂದು ದಾಖಲೆ ತಂದು ಎಕ್ಸೆಲ್‌ನಲ್ಲಿ ಐದೈದರ ಸರಾಸರಿ ಮಾಡುವುದು. ಏಲಿಯಾಸಿಂಗ್ ಆಗುವುದು ಅಳೆಯುವ ಕ್ಷಣದಲ್ಲಿ. ಒಮ್ಮೆ 62 ಸೆಕೆಂಡಿನ ಅಲೆ 31 ನಿಮಿಷದ ಅಲೆಯಾಗಿ ಫೈಲ್‌ಗೆ ಇಳಿದ ಮೇಲೆ, ಆ ಫೈಲ್‌ನಲ್ಲಿ ಅದು ನಿಜವಾದ 31 ನಿಮಿಷದ ಅಲೆಯಂತೆಯೇ ಇರುತ್ತದೆ. ಯಾವ ಫಿಲ್ಟರ್‌ಗೂ ಅದನ್ನು ಬೇರ್ಪಡಿಸಲು ಬರುವುದಿಲ್ಲ. ಸೋಸುವುದಿದ್ದರೆ ಅಳೆಯುವ ಮೊದಲೇ ಸೋಸಬೇಕು.

ಕರೆಂಟ್ ತಂತಿಯ ಗುಂಯ್ ಸದ್ದಿಗೂ ಇದೇ ಮಾತು ಅನ್ವಯಿಸುತ್ತದೆ. ಸೆನ್ಸರ್ ತಂತಿಯನ್ನು ಮೋಟಾರ್ ಕೇಬಲ್‌ನ ಜೊತೆಗೇ ಒಂದೇ ಪೈಪಿನಲ್ಲಿ ಎಳೆದಿದ್ದರೆ 50 ಹರ್ಟ್ಸ್‌ನ ಕಂಪನ ಸೇರಿಕೊಳ್ಳುತ್ತದೆ. ವಿದ್ಯುತ್ ಜಾಲದ ಆವರ್ತನ ಸದಾ ಸರಿಯಾಗಿ 50 ಇರುವುದಿಲ್ಲ. 49.97 ಇದ್ದಾಗ ಸೆಕೆಂಡಿಗೊಂದರಂತೆ ದಾಖಲಿಸಿದರೆ ಸುಮಾರು 33 ಸೆಕೆಂಡಿನ ಅಲೆ ಹುಟ್ಟುತ್ತದೆ, ಜಾಲ ಬದಲಾದಂತೆ ಅದೂ ಹಿಗ್ಗಿ ಕುಗ್ಗುತ್ತದೆ. ಆವರ್ತ ಕಾರಣವಿಲ್ಲದೆ ತೇಲಾಡುತ್ತಿದ್ದರೆ ಮೊದಲು ತಂತಿ ನೋಡಿ. ಸ್ವಂತವಾಗಿ ಲಾಗರ್ ಮಾಡಿಕೊಂಡವರು ಅಳೆಯುವ ಪಿನ್‌ನ ಮುಂದೆ 10 ಕಿಲೊಓಮ್ ರೆಸಿಸ್ಟರ್ ಮತ್ತು 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ 50 ಹರ್ಟ್ಸ್ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ಸೆಕೆಂಡಿನ ಏರಿಕೆಗೆ ಇದರಿಂದ ಏನೂ ಬಾಧೆಯಿಲ್ಲ.

ತಾಪಮಾನದಲ್ಲಿ ಈ ತೊಂದರೆ ಸ್ವಲ್ಪ ಕಡಿಮೆ. ಸ್ಟೀಲ್ ಕೊಳವೆಯೊಳಗೆ ಕುಳಿತ ಸೆನ್ಸರ್ ತಾನೇ ನಿಧಾನಿ, ವೇಗದ ಏರಿಳಿತವನ್ನು ಅದು ಮೊದಲೇ ನುಂಗಿಬಿಡುತ್ತದೆ. ಎಷ್ಟು ನಿಧಾನಿ ಎಂದು ತಿಳಿಯಲು ಕೋಣೆಯ ತಾಪದಲ್ಲಿರುವ ಸೆನ್ಸರ್ ಅನ್ನು ಬಿಸಿನೀರಿಗೆ ಅದ್ದಿ, ಒಟ್ಟು ವ್ಯತ್ಯಾಸದ ಶೇಕಡಾ 63ರಷ್ಟು ಏರಲು ಎಷ್ಟು ಸೆಕೆಂಡು ಬೇಕಾಯಿತು ನೋಡಿ. ಅದು 30 ಸೆಕೆಂಡಾಗಿದ್ದರೆ, 62 ಸೆಕೆಂಡಿನ ತಾಪಮಾನದ ಅಲೆ ಅದರಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ ಎತ್ತರದಲ್ಲಿ ಕಾಣುತ್ತದೆ. ಸಣ್ಣದಾಗಿ ಕಂಡರೂ ಅದು ಏಲಿಯಾಸ್ ಆಗಬಲ್ಲದು. ಗಾಳಿಯಲ್ಲಿ ಅಳೆಯುವುದಿದ್ದರೆ ಪರೀಕ್ಷೆಯನ್ನೂ ಗಾಳಿಯಲ್ಲೇ ಮಾಡಿ, ನೀರಿನಲ್ಲಿ ಸಿಗುವ ಅಂಕಿಗಿಂತ ಅದು ಹಲವು ಪಟ್ಟು ಹೆಚ್ಚು ಬರುತ್ತದೆ.

## ಹಂತ 4: ಅಂತರ ಬದಲಿಸಿ ಮತ್ತೊಮ್ಮೆ ದಾಖಲಿಸಿ

ಗೇಜ್ ಇಲ್ಲ, ರಾತ್ರಿ ಹೋಗಲು ಆಗದು, ಕೈಯಲ್ಲಿ ಹಳೆಯ ಗ್ರಾಫ್ ಮಾತ್ರ ಇದೆ ಎಂದಾದರೆ ಈ ಪರೀಕ್ಷೆ ಮಾಡಿ. ಅದೇ ಲಾಗರ್, ಅದೇ ಜಾಗ, ಅಂತರ ಮಾತ್ರ ಬೇರೆ. 60ರ ಬದಲು 47 ಸೆಕೆಂಡು ಇಡಿ. 30 ಅಥವಾ 120 ಇಡಬೇಡಿ. 60ರ ಜೊತೆ ಸರಳ ಭಾಗಾಕಾರದ ಸಂಬಂಧವಿರುವ ಅಂಕಿಗಳು ಎಷ್ಟೋ ಸಲ ಹಳೆಯ ಸುಳ್ಳನ್ನೇ ಪುನಃ ಹೇಳುತ್ತವೆ.

ನಿಜವಾದ 31 ನಿಮಿಷದ ಅಲೆಯಾಗಿದ್ದರೆ 47 ಸೆಕೆಂಡಿನ ದಾಖಲೆಯಲ್ಲೂ ಅದು 31 ನಿಮಿಷವೇ ಇರಬೇಕು. ನಮ್ಮ ಕಟ್ಟಡದಲ್ಲಿ ಅದು 3 ನಿಮಿಷ 14 ಸೆಕೆಂಡಿಗೆ ಕುಸಿಯಿತು. ಲೆಕ್ಕ ಇಷ್ಟೇ:

```
1/60 - 1/62 = 1/1860 s   (31 min)
1/47 - 1/62 = 1/194 s    (3 min 14 s)
```

ಅಂತರ ಬದಲಾದಾಗ ಆವರ್ತವೂ ಬದಲಾದರೆ ಅದು ಏಲಿಯಾಸ್, ಬೇರೆ ವಿವರಣೆ ಹುಡುಕಬೇಕಾಗಿಲ್ಲ. ಆದರೆ ಮೊದಲ ದಾಖಲೆಯೊಂದರಿಂದಲೇ ನಿಜವಾದ ಆವರ್ತ 62 ಎಂದು ಹೇಳಲಾಗದು. 62 ಸೆಕೆಂಡಿನ ಅಲೆ, ಸುಮಾರು 58 ಸೆಕೆಂಡಿನ ಅಲೆ, 30.5 ಸೆಕೆಂಡಿನ ಅಲೆ ಎಲ್ಲವೂ 60 ಸೆಕೆಂಡಿನ ಅಂತರದಲ್ಲಿ 31 ನಿಮಿಷವಾಗಿಯೇ ಕಾಣುತ್ತವೆ. ಕೊನೆಗೆ ಸೆಕೆಂಡಿನ ದಾಖಲೆಯೇ ತೀರ್ಪು ಕೊಡಬೇಕು.

ಸೆಕೆಂಡಿನ ದಾಖಲೆ ಬಂದ ಮೇಲೆ ಕೆಲಸ ಬೇಗ ಮುಗಿಯಿತು. ಪಂಪ್ 62 ಸೆಕೆಂಡಿನಲ್ಲಿ 10 ಸೆಕೆಂಡು ಓಡುತ್ತದೆ. ಆ ಒತ್ತಡದಲ್ಲಿ ಅದು ನಿಮಿಷಕ್ಕೆ ಸುಮಾರು 30 ಲೀಟರ್ ಕೊಡುತ್ತದೆ. ಹಾಗಾದರೆ ಎಲ್ಲೋ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್ ಹೋಗುತ್ತಿದೆ, ಗಂಟೆಗೆ 290 ಲೀಟರ್. ಅದು ಹನಿಯುವ ನಲ್ಲಿಯಲ್ಲ. ನಾಲ್ಕನೆಯ ಮಹಡಿಯಲ್ಲಿ ಬೀಗ ಹಾಕಿದ ಮನೆಯೊಂದರ ಫ್ಲಶ್ ಟ್ಯಾಂಕ್‌ನಲ್ಲಿ ಫ್ಲೋಟ್ ವಾಲ್ವ್ ಮುಚ್ಚದೆ, ನೀರು ಒಳಗೊಳಗೇ ಕಮೋಡ್‌ಗೆ ಸುರಿಯುತ್ತಿತ್ತು.

ಅದೇ ಗ್ರಾಫ್ ಇನ್ನೊಂದು ವಿಷಯ ಹೇಳಿತು. 52 ಸೆಕೆಂಡಿನ ಇಳಿಕೆಯಲ್ಲಿ ಪ್ರೆಶರ್ ಟ್ಯಾಂಕ್ ಕೊಟ್ಟ ನೀರು 4 ಲೀಟರ್ ಚಿಲ್ಲರೆ. ಗಾಳಿ ಸರಿಯಾಗಿ ತುಂಬಿದ 60 ಲೀಟರ್ ಟ್ಯಾಂಕ್ ಈ ಎರಡು ಒತ್ತಡಗಳ ನಡುವೆ 18 ಲೀಟರ್‌ನಷ್ಟು ಕೊಡಬೇಕಿತ್ತು. ಟ್ಯಾಂಕ್‌ನ ಗಾಳಿ ಬಹುಪಾಲು ಹೋಗಿತ್ತು. ನಿಮಿಷದ ಅಂತರದ ಗ್ರಾಫ್‌ನಿಂದ ಇವೆರಡರಲ್ಲಿ ಒಂದೂ ತಿಳಿಯುತ್ತಿರಲಿಲ್ಲ.

## ಹಂತ 5: ಗಡಿಯಾರಕ್ಕೆ ಗುರುತು ಹಾಕಿ

ರಾತ್ರಿಯ ಸೋರಿಕೆ ನಿಂತರೂ ಬೆಳಗಿನ ದೂರು ಉಳಿದಿತ್ತು. ಆರೂ ಮುಕ್ಕಾಲಿನ ಹೊತ್ತಿಗೆ ಒತ್ತಡ ಆಗಾಗ ಥಟ್ಟನೆ ಕುಸಿಯುತ್ತಿತ್ತು. ಎಸ್‌ಡಿ ಕಾರ್ಡ್ ಇರುವ ಎರಡು ಲಾಗರ್‌ಗಳನ್ನು ನಾನೇ ಜೋಡಿಸಿ, ಒಂದನ್ನು ಪಂಪ್ ಕೋಣೆಯಲ್ಲಿ, ಇನ್ನೊಂದನ್ನು ತಾರಸಿಯಲ್ಲಿ ಪೈಪಿನ ತುದಿಗೆ ಇಟ್ಟೆ. 14 ದಿನ, ಸೆಕೆಂಡಿಗೊಂದು ದಾಖಲೆ. ಕುಸಿತ ಮೊದಲು ಎಲ್ಲಿ ಕಾಣಿಸುತ್ತದೆ ಎಂದು ನೋಡುವ ಉದ್ದೇಶ.

ಒಂಬತ್ತನೆಯ ದಿನದ ದಾಖಲೆಯಲ್ಲಿ ಕುಸಿತ ತಾರಸಿಯಲ್ಲಿ 20 ಸೆಕೆಂಡು ಮೊದಲು ಕಂಡಿತು. ಮೇಲಿನ ಮಹಡಿಯ ಮನೆಯವರ ಕಡೆ ಎಲ್ಲರ ದೃಷ್ಟಿ ಹೋಯಿತು. ಅವರು ಏನೂ ಮಾಡಿರಲಿಲ್ಲ. ತಾರಸಿಯ ಗಡಿಯಾರ ಹಿಂದೆ ಬಿದ್ದಿತ್ತು, ಅಷ್ಟೇ. ಹಿಂದೆ ಬಿದ್ದ ಗಡಿಯಾರ ಪ್ರತಿ ಘಟನೆಗೂ ಮೊದಲಿನ ಸಮಯವನ್ನು ಬರೆಯುತ್ತದೆ. ಆದ್ದರಿಂದ ನಿಧಾನದ ಗಡಿಯಾರವಿರುವ ಜಾಗದಲ್ಲೇ ಎಲ್ಲವೂ ಮೊದಲು ಆದಂತೆ ಕಾಣುತ್ತದೆ.

ಅಗ್ಗದ ಗಡಿಯಾರ ಮಾಡ್ಯೂಲ್‌ಗಳಲ್ಲಿ 32,768 ಹರ್ಟ್ಸ್‌ನ ಹರಳು ಇರುತ್ತದೆ. ಹತ್ತು ಲಕ್ಷದಲ್ಲಿ 20 ಪಾಲು ತಪ್ಪುವುದು ಅದಕ್ಕೆ ಮಾಮೂಲು. ಅಂದರೆ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ 52 ಸೆಕೆಂಡು. ಜೊತೆಗೆ ಈ ಹರಳು 25 ಡಿಗ್ರಿಯ ಆಸುಪಾಸಿನಲ್ಲಿ ಅತಿ ವೇಗವಾಗಿ ನಡೆದು, ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ತಾರಸಿಯ ಮೇಲಿನ ಬೂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮಧ್ಯಾಹ್ನ 58 ಡಿಗ್ರಿ ಇತ್ತು. ಆ ತಾಪದಲ್ಲಿ ಹರಳು ಹತ್ತು ಲಕ್ಷದಲ್ಲಿ ಮತ್ತೆ ಸುಮಾರು 38 ಪಾಲು ನಿಧಾನ. ಪಂಪ್ ಕೋಣೆ ನೆರಳಿನಲ್ಲಿ ತಂಪಾಗಿತ್ತು, ಅಲ್ಲಿನ ಗಡಿಯಾರ ಬಹುತೇಕ ನೆಟ್ಟಗಿತ್ತು. ಹೊಸದಾಗಿ ಮಾಡುವವರು DS3231 ಎಂಬ ಗಡಿಯಾರದ ಚಿಪ್ ಇರುವ ಮಾಡ್ಯೂಲ್ ಬಳಸಿ. ಅದು ತಾಪಮಾನಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ, 0ರಿಂದ 40 ಡಿಗ್ರಿವರೆಗೆ ತಪ್ಪು ಹತ್ತು ಲಕ್ಷದಲ್ಲಿ 2 ಪಾಲಿನೊಳಗಿರುತ್ತದೆ. ಡಬ್ಬಿಯನ್ನು ನೆರಳಿನಲ್ಲಿಡುವುದು ಇನ್ನೂ ಅಗ್ಗದ ಉಪಾಯ.

ಗಡಿಯಾರ ಎಷ್ಟೇ ಒಳ್ಳೆಯದಿರಲಿ, ಗುರುತು ಹಾಕಿ. ಹಾಕುವ ಕ್ರಮ ಹೀಗೆ. ಮೊಬೈಲ್‌ನ ಗಡಿಯಾರದಲ್ಲಿ ನಿಮಿಷ ತಿರುಗುವ ಕ್ಷಣಕ್ಕೆ ಸರಿಯಾಗಿ, ಐಸೊಲೇಷನ್ ವಾಲ್ವ್ ಮುಚ್ಚಿಟ್ಟುಕೊಂಡು ಸೆನ್ಸರ್ ಬದಿಯ ಸಣ್ಣ ಕೊಳಾಯಿ ತೆರೆಯಿರಿ. ಒತ್ತಡ ಥಟ್ಟನೆ ಸೊನ್ನೆಗೆ ಬೀಳುತ್ತದೆ. ಹತ್ತು ಸೆಕೆಂಡು ಬಿಟ್ಟು ಕೊಳಾಯಿ ಮುಚ್ಚಿ, ವಾಲ್ವ್ ತೆರೆಯಿರಿ. ನಿಮಿಷಕ್ಕೊಂದರಂತೆ ಮೂರು ಸಲ ಮಾಡಿ, ಸಮಯವನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಮನೆಗಳ ಬಳಕೆಯಿಂದ ಪೈಪಿನ ಒತ್ತಡ ಸೊನ್ನೆಗೆ ಇಳಿಯುವುದಿಲ್ಲವಾದ್ದರಿಂದ ಈ ಮೂರು ತಗ್ಗುಗಳು ಫೈಲ್‌ನಲ್ಲಿ ಎದ್ದು ಕಾಣುತ್ತವೆ. ತಾಪಮಾನದ ಲಾಗರ್ ಆಗಿದ್ದರೆ ಸೆನ್ಸರ್ ಅನ್ನು ಮಂಜುಗಡ್ಡೆಯ ನೀರಿಗೆ ಅದ್ದಿ, ತಾಪ ಇಳಿಯಲು ಆರಂಭಿಸಿದ ಕ್ಷಣವನ್ನು ಗುರುತಾಗಿ ಹಿಡಿಯಿರಿ.

ಚಾಲೂ ಮಾಡಿದಾಗ ಒಮ್ಮೆ, ನಿಲ್ಲಿಸುವ ಮೊದಲು ಒಮ್ಮೆ. ಎರಡನೆಯದನ್ನೇ ಎಲ್ಲರೂ ಮರೆಯುತ್ತಾರೆ. ಲಾಗರ್ ಅನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿದೊಡನೆ ಕೆಲವು ತಂತ್ರಾಂಶಗಳು ಕೇಳದೆಯೇ ಗಡಿಯಾರವನ್ನು ಸರಿಪಡಿಸಿಬಿಡುತ್ತವೆ. ಅಲ್ಲಿಗೆ ಜಾರಿಕೆಯ ಸಾಕ್ಷಿಯೇ ಅಳಿದುಹೋಗುತ್ತದೆ. ಕೇಬಲ್ ಮುಟ್ಟುವ ಮೊದಲೇ ಗುರುತು ಹಾಕಿ. ಲಾಗರ್‌ಗೆ ಸಮಯ ಕೊಡುವ ಲ್ಯಾಪ್‌ಟಾಪ್‌ನ ಗಡಿಯಾರವನ್ನೂ ಮೊಬೈಲ್‌ನೊಂದಿಗೆ ಹೋಲಿಸಿ ನೋಡಿ. ಬಹಳ ದಿನ ಇಂಟರ್‌ನೆಟ್ ಕಾಣದ ಕಚೇರಿ ಲ್ಯಾಪ್‌ಟಾಪ್ ಎರಡು ನಿಮಿಷ ಮುಂದಿದ್ದುದನ್ನು ನೋಡಿದ್ದೇನೆ.

## ಸ್ವಂತ ಲಾಗರ್ ಇದ್ದರೆ ಮಾತ್ರ

ಆರ್ಡುಯಿನೊ ಬಳಸುವವರು ಬರೆಯುವ ಕೋಡ್‌ನಲ್ಲಿ ಕೊನೆಗೆ `delay(1000)` ಇರುತ್ತದೆ. ಅಳೆದು ಕಾರ್ಡ್‌ಗೆ ಬರೆಯಲು 20 ಮಿಲಿಸೆಕೆಂಡು ಹಿಡಿದರೆ ನಿಮ್ಮ ಅಂತರ 1 ಸೆಕೆಂಡಲ್ಲ, 1.02 ಸೆಕೆಂಡು. ಸಾಲುಗಳನ್ನು ಎಣಿಸಿ ಸಮಯ ಲೆಕ್ಕ ಹಾಕಿದರೆ ಗಂಟೆಗೆ 72 ಸೆಕೆಂಡಿನ ತಪ್ಪು. ಇದು ಹರಳಿನ ಜಾರಿಕೆಗಿಂತ ಸುಮಾರು ಸಾವಿರ ಪಟ್ಟು ದೊಡ್ಡದು, ಆದರೆ ಪಾಪ ಬೈಗುಳ ತಿನ್ನುವುದು ಗಡಿಯಾರ. ಹೀಗೆ ಬರೆಯಿರಿ:

```
unsigned long next = 0;

void loop() {
  if ((long)(millis() - next) >= 0) {
    next += 1000;
    logSample();
  }
}
```

ಇಲ್ಲಿ ಮುಂದಿನ ಕ್ಷಣ ಮೊದಲೇ ನಿಗದಿಯಾಗಿರುವುದರಿಂದ ಬರೆಯಲು ಹಿಡಿದ ಸಮಯ ಸೇರಿಕೊಳ್ಳುವುದಿಲ್ಲ. ಆದರೂ `millis()` ಅನ್ನು ದಿನಗಟ್ಟಲೆ ನಂಬಬಾರದು. ಯುನೊ ಬೋರ್ಡ್‌ನಲ್ಲಿ ಅದನ್ನು ನಡೆಸುವ ಸೆರಾಮಿಕ್ ರೆಸೊನೇಟರ್ ಶೇಕಡಾ ಅರ್ಧದವರೆಗೆ ತಪ್ಪಬಹುದು, ಅಂದರೆ ದಿನಕ್ಕೆ ಏಳು ನಿಮಿಷ. ಪ್ರತಿ ಸಾಲಿಗೂ ಗಡಿಯಾರ ಮಾಡ್ಯೂಲ್‌ನ ಸಮಯವನ್ನೇ ಬರೆಸಿ. DS3231 ಆದರೆ ಅದರ `SQW` ಪಿನ್‌ನಿಂದ ಸೆಕೆಂಡಿಗೊಂದು ಸಂಕೇತ ಪಡೆದು, ಅದರ ಮೇಲೆಯೇ ಅಳೆಯುವುದು ಉತ್ತಮ.

## ಹಂತ 6: ಇಳಿಸಿದ ಮೇಲೆ ಸಮಯ ತಿದ್ದಿ

ಮೂಲ ಫೈಲ್‌ನ ಒಂದು ಪ್ರತಿಯನ್ನು ಮುಟ್ಟದೆ ಎತ್ತಿಡಿ. ಸಿಎಸ್‌ವಿ ಫೈಲ್ ಅನ್ನು ಎಕ್ಸೆಲ್‌ನಲ್ಲಿ ತೆರೆದು ಹಾಗೇ ಉಳಿಸಿದರೆ ಸೆಕೆಂಡುಗಳು ಕಳೆದುಹೋಗುವ ಅಪಾಯವಿದೆ. ಐದನೇ ತಾರೀಕು ನಾಲ್ಕನೇ ತಿಂಗಳು ಎಂಬುದು ನಾಲ್ಕನೇ ತಾರೀಕು ಐದನೇ ತಿಂಗಳಾಗುವುದೂ ಉಂಟು. ಸಮಯದ ಕಾಲಂಗೆ ಮೊದಲು `dd-mm-yyyy hh:mm:ss` ರೂಪ ಕೊಡಿ. ಎಲ್ಲವೂ ಐದೂವರೆ ಗಂಟೆ ಹಿಂದಿದ್ದರೆ ಅದು ಜಾರಿಕೆಯಲ್ಲ, ಲಾಗರ್ ಗ್ರೀನ್‌ವಿಚ್ ಸಮಯದಲ್ಲಿ ಬರೆದಿದೆ ಎಂದರ್ಥ.

ನಂತರ ಗುರುತುಗಳನ್ನು ಹುಡುಕಿ. E1, E2 ಕೋಶಗಳಲ್ಲಿ ಆರಂಭದ ಮತ್ತು ಕೊನೆಯ ಗುರುತಿಗೆ ಲಾಗರ್ ಬರೆದ ಸಮಯ, F1, F2 ಕೋಶಗಳಲ್ಲಿ ನೋಟ್‌ಬುಕ್‌ನ ನಿಜ ಸಮಯ. A ಕಾಲಂನಲ್ಲಿ ಲಾಗರ್ ಸಮಯವಿದ್ದರೆ ಹೊಸ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=$F$1+(A2-$E$1)*($F$2-$F$1)/($E$2-$E$1)
```

ನಮ್ಮ ಲೆಕ್ಕ ಹೀಗೆ ಬಂತು. 14 ದಿನಗಳ ಕೊನೆಗೆ ತಾರಸಿಯ ಲಾಗರ್ 38 ಸೆಕೆಂಡು ಹಿಂದೆ, ಪಂಪ್ ಕೋಣೆಯದು 6 ಸೆಕೆಂಡು ಹಿಂದೆ. ಜಾರಿಕೆ ದಿನದಿಂದ ದಿನಕ್ಕೆ ಒಂದೇ ಸಮ ಎಂದುಕೊಂಡರೆ ಒಂಬತ್ತನೆಯ ದಿನ ತಾರಸಿಯದು 24 ಸೆಕೆಂಡು, ಪಂಪ್ ಕೋಣೆಯದು 4 ಸೆಕೆಂಡು ಹಿಂದಿರಬೇಕು. ವ್ಯತ್ಯಾಸ 20 ಸೆಕೆಂಡು. ನಾವು ಮೇಲಿನ ಮನೆಯವರ ತಲೆಗೆ ಕಟ್ಟಿದ್ದು ಇದೇ 20 ಸೆಕೆಂಡನ್ನು.

ಈ ತಿದ್ದುಪಡಿ ನೇರ ಗೆರೆಯದು. ಹರಳು ಹಗಲಲ್ಲಿ ಹೆಚ್ಚು, ರಾತ್ರಿ ಕಡಿಮೆ ಜಾರುತ್ತದೆ. ಹಾಗಾಗಿ ದಿನದೊಳಗೆ ಒಂದು ಸೆಕೆಂಡಿನ ಒಳಗಿನ ತಪ್ಪು ಉಳಿದೇ ಇರುತ್ತದೆ. ನಡುವೆ ಮಳೆ ಹಿಡಿದು ಒಂದು ವಾರ ತಂಪಾಗಿಬಿಟ್ಟರೆ ಅದು ಇನ್ನೂ ಹೆಚ್ಚು. ತಿಂಗಳುಗಟ್ಟಲೆ ಇಡುವುದಾದರೆ ವಾರಕ್ಕೊಮ್ಮೆ ಗುರುತು ಹಾಕಿ, ಎರಡೆರಡು ಗುರುತುಗಳ ನಡುವೆ ಬೇರೆ ಬೇರೆಯಾಗಿ ತಿದ್ದಿ. ಕುಸಿತದ ಸಮಯ ಒಮ್ಮೆಲೇ ಹಲವು ನಿಮಿಷ ಜಿಗಿದಿದ್ದರೆ ಅದು ಜಾರಿಕೆಯಲ್ಲ, ಬ್ಯಾಟರಿ ಸಡಿಲವಾಗಿ ಗಡಿಯಾರ ನಿಂತು ಹೊರಟಿದೆ. ಅಂಥ ಫೈಲ್‌ಗೆ ಈ ಸೂತ್ರ ಹಚ್ಚಬೇಡಿ.

ತಿದ್ದಿದ ಮೇಲೆ ಎರಡೂ ಲಾಗರ್‌ಗಳಲ್ಲಿ ಬೆಳಗಿನ ಕುಸಿತ ಒಂದೇ ಸೆಕೆಂಡಿನಲ್ಲಿ ಬಂದು ಕೂತಿತು. ಯೋಚಿಸಿದರೆ ಹಾಗೇ ಆಗಬೇಕಿತ್ತು. ಒತ್ತಡದ ಬದಲಾವಣೆ ಆರು ಮಹಡಿಯನ್ನು ಸೆಕೆಂಡಿನ ಸಣ್ಣ ಪಾಲಿನಲ್ಲಿ ದಾಟುತ್ತದೆ. ಸೆಕೆಂಡಿನ ದಾಖಲೆಯಲ್ಲಿ ಯಾವುದು ಮೊದಲು ಎಂದು ನೋಡಿ ಜಾಗ ಗುರುತಿಸುವುದು ಸಾಧ್ಯವೇ ಇರಲಿಲ್ಲ. ಕುಸಿತದ ಆಳ ನೋಡಬೇಕಿತ್ತು. ಪಂಪ್ ಕೋಣೆಯಲ್ಲಿ ಅದು 0.9 ಬಾರ್, ತಾರಸಿಯಲ್ಲಿ 0.6. ಬಳಕೆ ಕೆಳಗಿನ ಕಡೆಯದೆಂದು ಅದು ಸೂಚಿಸಿತು. ನೆಲಮಹಡಿಯಲ್ಲಿ ಕಾರು ತೊಳೆಯುವ ಮುಕ್ಕಾಲು ಇಂಚಿನ ಪೈಪ್ ಆರೂ ಮುಕ್ಕಾಲಿಗೆ ತೆರೆಯುತ್ತಿತ್ತು.